ಒಂದು ಗೀಟಿನ ಕೆಲಸ: ಮಾರ್ಕ್‌ಡೌನ್ ಕೋಷ್ಟಕಕ್ಕೆ ತಲೆಯೂ ಒಡಲೂ ಬರುವ ಬಗೆ

ಜ್ಞಾನಪೀಠ ಪ್ರಶಸ್ತಿ ಪಡೆದ ಕನ್ನಡ ಸಾಹಿತಿಗಳ ಪಟ್ಟಿಯನ್ನು ಕಾಗದದ ಮೇಲೆ ಬರೆಯಿರಿ ಎಂದರೆ ಹೆಚ್ಚುಕಡಿಮೆ ಎಲ್ಲರೂ ಒಂದೇ ಥರ ಬರೆಯುತ್ತಾರೆ. ಮೇಲ್ಗಡೆ ‘ಸಾಹಿತಿ’, ‘ವರ್ಷ’, ‘ಕೃತಿ’ ಎಂದು ಬರೆದು ಅದರ ಅಡಿಯಲ್ಲಿ ಉದ್ದಕ್ಕೆ ಒಂದು ಗೀಟು ಎಳೆಯುತ್ತಾರೆ. ಗೀಟಿನ ಕೆಳಗೆ ಕುವೆಂಪು, 1967, ಶ್ರೀ ರಾಮಾಯಣ ದರ್ಶನಂ. ಅದರ ಕೆಳಗೆ ಬೇಂದ್ರೆ, 1973, ನಾಕುತಂತಿ. ಗೀಟಿನ ಮೇಲಿರುವುದು ಕಾಲಮ್ಮುಗಳ ಹೆಸರು, ಕೆಳಗಿರುವುದು ಮಾಹಿತಿ ಎಂದು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣು ಅದನ್ನು ತಾನಾಗಿ ಹಿಡಿಯುತ್ತದೆ.

ಕಂಪ್ಯೂಟರಿಗೆ ಆ ಕಣ್ಣಿಲ್ಲ. ಅದೇ ಪಟ್ಟಿಯನ್ನು ವೆಬ್‌ಪುಟಕ್ಕೆ ಹಾಕುವಾಗ ಮೊದಲ ಸಾಲು ಬೇರೆ ಜಾತಿಯದು, ಉಳಿದ ಸಾಲುಗಳು ಬೇರೆ ಜಾತಿಯವು ಎಂದು ಅದಕ್ಕೆ ಬರೆದೇ ತಿಳಿಸಬೇಕು. ವೆಬ್‌ಪುಟದ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಇದಕ್ಕಾಗಿಯೇ ಎರಡು ಭಾಗಗಳಿವೆ. `thead` ಎಂಬುದು ಕೋಷ್ಟಕದ ತಲೆ, `tbody` ಎಂಬುದು ಒಡಲು. ಮಾರ್ಕ್‌ಡೌನ್ ಎಂಬ ಸರಳ ಬರವಣಿಗೆಯ ಪದ್ಧತಿಯಲ್ಲಿ ಬರೆದ ಕೋಷ್ಟಕ ಈ ಎರಡು ಭಾಗಗಳಾಗಿ ಒಡೆಯುವುದು ಹೇಗೆ, ಒಡೆಯದೇ ಹೋದರೆ ಆಗುವ ನಷ್ಟವೇನು, ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ಎಲ್ಲಿ ಎಡವುತ್ತಾರೆ ಎಂಬುದನ್ನು ಒಂದು ಪುಟ್ಟ ಪಟ್ಟಿಯನ್ನೇ ಹಿಡಿದುಕೊಂಡು ನೋಡೋಣ.

ಕೋಷ್ಟಕವಿಲ್ಲದೆ ಹುಟ್ಟಿದ ಮಾರ್ಕ್‌ಡೌನ್

ಮಾರ್ಕ್‌ಡೌನನ್ನು 2004ರಲ್ಲಿ ಹೊರತಂದವರು ಅಮೆರಿಕದ ಜಾನ್ ಗ್ರೂಬರ್. ಅದನ್ನು ರೂಪಿಸುವಾಗ ಅವರಿಗೆ ಜೊತೆಯಾಗಿದ್ದವರು ಆರನ್ ಸ್ವಾರ್ಟ್ಜ್. ವೆಬ್‌ಪುಟಕ್ಕೆ ಬರೆಯುವವರು ಪ್ರತಿ ಪ್ಯಾರಾಕ್ಕೂ ಕೋನಾಕಾರದ ಟ್ಯಾಗ್‌ಗಳನ್ನು ಹಾಕುತ್ತ ಕೂರಬಾರದು, ಬರೆದ ಕಡತ ಹಾಗೆಯೇ ಓದಲು ಬರುವಂತಿರಬೇಕು ಎಂಬುದು ಅದರ ಗುರಿ. ಸಾಲಿನ ಮೊದಲು `#` ಹಾಕಿದರೆ ಶೀರ್ಷಿಕೆ, ಪದದ ಆಚೀಚೆ ಎರಡೆರಡು ನಕ್ಷತ್ರ ಹಾಕಿದರೆ ದಪ್ಪಕ್ಷರ. ಅದನ್ನು ಎಚ್‌ಟಿಎಂಎಲ್‌ಗೆ ತಿರುಗಿಸುವ ಕೆಲಸ ಪ್ರೋಗ್ರಾಮಿನದು.

ಆದರೆ ಗ್ರೂಬರ್ ಅವರ ಮೂಲ ಮಾರ್ಕ್‌ಡೌನ್‌ನಲ್ಲಿ ಕೋಷ್ಟಕಕ್ಕೆ ಜಾಗವಿರಲಿಲ್ಲ. ಕೋಷ್ಟಕ ಬೇಕಿದ್ದವರು ಅಷ್ಟು ಭಾಗವನ್ನು ನೇರವಾಗಿ ಎಚ್‌ಟಿಎಂಎಲ್‌ನಲ್ಲೇ ಬರೆಯಬೇಕಿತ್ತು. ಲಂಬಗೆರೆಗಳಿಂದ ಕಾಲಂ ಬೇರ್ಪಡಿಸುವ ಈಗಿನ ಕ್ರಮವನ್ನು ಬಳಕೆಗೆ ತಂದವುಗಳಲ್ಲಿ ಮಿಶೆಲ್ ಫೋರ್ಟಾನ್ ಅವರ ‘ಪಿಎಚ್‌ಪಿ ಮಾರ್ಕ್‌ಡೌನ್ ಎಕ್ಸ್‌ಟ್ರಾ’ ಮುಖ್ಯವಾದದ್ದು. ಮುಂದೆ ಗಿಟ್‌ಹಬ್ ಸಂಸ್ಥೆ 2017ರಲ್ಲಿ ತನ್ನ ಮಾರ್ಕ್‌ಡೌನ್‌ನ ನಿಯಮಗಳನ್ನು ಅಕ್ಷರಶಃ ಬರೆದಿಟ್ಟಾಗ ಕೋಷ್ಟಕದ ನಿಯಮಗಳೂ ಅದರಲ್ಲಿ ಸೇರಿದವು. ಇಂದು ಬಹುಪಾಲು ಸಾಧನಗಳು ನಡೆಯುವುದು ಆ ನಿಯಮಗಳಂತೆಯೇ. ಈ ಲೇಖನದಲ್ಲಿ ಹೇಳುವುದೂ ಅವನ್ನೇ.

ಎಚ್‌ಟಿಎಂಎಲ್‌ನ ಕಡೆಯ ಕಥೆ ಇದಕ್ಕಿಂತ ಹಳೆಯದು. ಕೋಷ್ಟಕಕ್ಕೆ ತಲೆ, ಒಡಲು, ಅಡಿ ಎಂದು ಭಾಗ ಮಾಡುವ ಪ್ರಸ್ತಾಪ 1996ರಲ್ಲಿ ಡೇವ್ ರ್‍ಯಾಗೆಟ್ ಬರೆದ ‘ಆರ್‌ಎಫ್‌ಸಿ 1942’ ಎಂಬ ದಾಖಲೆಯಲ್ಲೇ ಇದೆ. 1997ರ ಎಚ್‌ಟಿಎಂಎಲ್ 4 ಅದನ್ನು ಒಪ್ಪಿಕೊಂಡು ಎರಡು ಉಪಯೋಗಗಳನ್ನು ಹೇಳಿತು: ತಲೆಯನ್ನು ನಿಂತಲ್ಲೇ ನಿಲ್ಲಿಸಿ ಒಡಲನ್ನು ಮಾತ್ರ ಸರಿಸಬಹುದು, ಉದ್ದನೆಯ ಕೋಷ್ಟಕವನ್ನು ಮುದ್ರಿಸುವಾಗ ಪ್ರತಿ ಹಾಳೆಯ ಮೇಲೂ ತಲೆಯನ್ನು ಮತ್ತೆ ಅಚ್ಚು ಮಾಡಬಹುದು.

ಗೀಟು ಎಂಬ ತೀರ್ಪುಗಾರ

ನಮ್ಮ ಪಟ್ಟಿಯನ್ನು ಮಾರ್ಕ್‌ಡೌನ್‌ನಲ್ಲಿ ಬರೆದರೆ ಹೀಗಿರುತ್ತದೆ:

```
| ಸಾಹಿತಿ | ವರ್ಷ | ಕೃತಿ |
|:---|---:|:---|
| ಕುವೆಂಪು | 1967 | ಶ್ರೀ ರಾಮಾಯಣ ದರ್ಶನಂ |
| ದ.ರಾ. ಬೇಂದ್ರೆ | 1973 | ನಾಕುತಂತಿ |
| ಶಿವರಾಮ ಕಾರಂತ | 1977 | ಮೂಕಜ್ಜಿಯ ಕನಸುಗಳು |
| ಗಿರೀಶ ಕಾರ್ನಾಡ | 1998 | |
```

ಕಾರ್ನಾಡರ ಸಾಲಿನಲ್ಲಿ ಕೃತಿಯ ಜಾಗ ಖಾಲಿ ಇರುವುದು ಮರೆವಿನಿಂದಲ್ಲ. ಮೊದಮೊದಲು ಒಂದು ನಿರ್ದಿಷ್ಟ ಕೃತಿಗೆ ಕೊಡುತ್ತಿದ್ದ ಪ್ರಶಸ್ತಿಯನ್ನು 1982ರಿಂದೀಚೆಗೆ ಸಾಹಿತಿಯ ಒಟ್ಟು ಸಾಧನೆಗೆ ಕೊಡಲಾಗುತ್ತಿದೆ. ಅಲ್ಲಿ ಹೇಳುವುದಕ್ಕೆ ಏನೂ ಇಲ್ಲ, ಆದರೆ ಜಾಗ ಮಾತ್ರ ಇರಲೇಬೇಕು.

ಎರಡನೆಯ ಸಾಲನ್ನು ನೋಡಿ. ಅದರಲ್ಲಿ ಅಡ್ಡಗೆರೆ, ಲಂಬಗೆರೆ ಮತ್ತು ಕೋಲನ್ ಬಿಟ್ಟರೆ ಬೇರೇನೂ ಇಲ್ಲ. ಕಾಗದದ ಮೇಲೆ ನಾವು ಎಳೆದ ಗೀಟು ಇದೇ. ಇದು ಅಲಂಕಾರಕ್ಕೆ ಹಾಕಿದ್ದಲ್ಲ, ಕೋಷ್ಟಕದ ತೀರ್ಪುಗಾರ. ಈ ಸಾಲು ಇದ್ದರೆ ಮಾತ್ರ ಇದು ಕೋಷ್ಟಕ. ಇಲ್ಲದಿದ್ದರೆ ಲಂಬಗೆರೆಗಳು ಬೆರೆತ ಮಾಮೂಲಿ ಪ್ಯಾರಾ. ಇದರ ಮೇಲಿನ ಒಂದೇ ಒಂದು ಸಾಲು ತಲೆಗೆ ಹೋಗುತ್ತದೆ, ಕೆಳಗಿನ ಅಷ್ಟೂ ಸಾಲುಗಳು ಒಡಲಿಗೆ. ಗೀಟಿನ ಸಾಲು ಮಾತ್ರ ವೆಬ್‌ಪುಟದಲ್ಲಿ ಎಲ್ಲೂ ಕಾಣಿಸುವುದಿಲ್ಲ. ತನ್ನ ಕೆಲಸ ಮುಗಿಸಿ ಅದು ಕರಗಿಹೋಗುತ್ತದೆ.

ಕೋಲನ್‌ಗಳದು ಇನ್ನೊಂದು ಕೆಲಸ. ಗೆರೆಗಳ ಎಡಕ್ಕೆ ಕೋಲನ್ ಇದ್ದರೆ ಆ ಕಾಲಂ ಎಡಕ್ಕೆ ಒತ್ತುತ್ತದೆ, ಬಲಕ್ಕಿದ್ದರೆ ಬಲಕ್ಕೆ, ಎರಡೂ ಕಡೆ ಇದ್ದರೆ ನಡುವೆ. ಅಂಕಿಗಳು ಬಲಕ್ಕೆ ಒತ್ತಿಕೊಂಡಿದ್ದರೆ ಬಿಡಿ, ಹತ್ತು, ನೂರರ ಸ್ಥಾನಗಳು ಒಂದರ ಕೆಳಗೊಂದು ಬರುತ್ತವೆ. ಅದಕ್ಕಾಗಿ ವರ್ಷದ ಕಾಲಂಗೆ ಬಲಗಡೆ ಕೋಲನ್ ಹಾಕಿದ್ದು.

ಇಲ್ಲಿ ಕನ್ನಡಿಗರಿಗೆ ಒಂದು ಸಮಾಧಾನದ ಮಾತು ಹೇಳಬೇಕು. ಇಂಗ್ಲಿಷಿನಲ್ಲಿ ಬರೆಯುವವರು ಖಾಲಿ ಜಾಗ ಹಾಕಿ ಹಾಕಿ ಲಂಬಗೆರೆಗಳೆಲ್ಲ ನೆಟ್ಟಗೆ ಒಂದರ ಕೆಳಗೊಂದು ನಿಲ್ಲುವಂತೆ ಜೋಡಿಸುತ್ತಾರೆ. ಅವರ ಪ್ರತಿ ಅಕ್ಷರಕ್ಕೂ ಒಂದೇ ಅಗಲ ಕೊಡುವ ಫಾಂಟ್‌ಗಳು ಇರುವುದರಿಂದ ಅದು ಸಾಧ್ಯ. ಕನ್ನಡದಲ್ಲಿ ‘ರ’ ಅಕ್ಷರದ ಅಗಲವೇ ಬೇರೆ, ‘ಯೋ’ ಅಕ್ಷರದ ಅಗಲವೇ ಬೇರೆ. ಒತ್ತಕ್ಷರಗಳು ಬಂದರಂತೂ ಲೆಕ್ಕ ಸಿಗುವುದಿಲ್ಲ. ಎಷ್ಟು ಜೋಡಿಸಿದರೂ ಗೆರೆಗಳು ಸೊಟ್ಟಗೇ ಇರುತ್ತವೆ. ಇದರಿಂದ ಒಂದಿಷ್ಟೂ ತೊಂದರೆಯಿಲ್ಲ. ತಿರುಗಿಸುವ ಪ್ರೋಗ್ರಾಂ ಲಂಬಗೆರೆಗಳನ್ನು ಎಣಿಸುತ್ತದೆಯೇ ಹೊರತು ಅವು ಯಾವ ಜಾಗದಲ್ಲಿವೆ ಎಂದು ನೋಡುವುದಿಲ್ಲ. ಸೆಲ್ಲಿನ ಎರಡೂ ತುದಿಯ ಖಾಲಿ ಜಾಗವನ್ನು ಅದು ಕತ್ತರಿಸಿಯೇ ಮುಂದೆ ಹೋಗುವುದು.

ತಿರುಗಿಸುವ ಹೆಜ್ಜೆಗಳು

ಈ ಕೆಲಸವನ್ನು ಕೈಯಿಂದ ಮಾಡಿದರೂ ಪ್ರೋಗ್ರಾಮಿನಿಂದ ಮಾಡಿಸಿದರೂ ಕ್ರಮ ಒಂದೇ. ಮೊದಲಿಗೆ ಎರಡನೆಯ ಸಾಲು ನಿಜವಾಗಿಯೂ ಗೀಟೇ ಎಂದು ಖಚಿತ ಮಾಡಿಕೊಳ್ಳಬೇಕು. ಆಮೇಲೆ ಮೊದಲ ಸಾಲಿನ ಸೆಲ್‌ಗಳನ್ನೂ ಗೀಟಿನ ಸಾಲಿನ ಸೆಲ್‌ಗಳನ್ನೂ ಎಣಿಸಬೇಕು. ಎರಡೂ ಸಮ ಇರಲೇಬೇಕು. ಮೇಲೆ ಮೂರು ಹೆಸರಿದ್ದು ಗೀಟಿನಲ್ಲಿ ಎರಡೇ ತುಂಡಿದ್ದರೆ ಗಿಟ್‌ಹಬ್ ನಿಯಮದ ಪ್ರಕಾರ ಅದು ಕೋಷ್ಟಕವೇ ಅಲ್ಲ.

ಎಣಿಕೆ ಸರಿಯಿದ್ದರೆ ಮುಂದಿನ ಹೆಜ್ಜೆ. ಪ್ರತಿ ಸಾಲಿನ ಮೊದಲ ಮತ್ತು ಕೊನೆಯ ಲಂಬಗೆರೆ ತೆಗೆದು, ಉಳಿದ ಲಂಬಗೆರೆಗಳಲ್ಲಿ ಸಾಲನ್ನು ಕತ್ತರಿಸಿದರೆ ಸೆಲ್‌ಗಳು ಸಿಗುತ್ತವೆ. ಒಡಲಿನ ಯಾವುದಾದರೂ ಸಾಲಿನಲ್ಲಿ ಸೆಲ್ ಕಡಿಮೆ ಬಿದ್ದರೆ ಖಾಲಿ ಸೆಲ್ ಸೇರಿಸಿ ತುಂಬಬೇಕು. ಹೆಚ್ಚಾಗಿದ್ದರೆ ಹೆಚ್ಚಿನವನ್ನು ಕೈಬಿಡಬೇಕು. ಈ ‘ಕೈಬಿಡುವ’ ನಿಯಮ ನೆನಪಿನಲ್ಲಿರಲಿ. ಅದು ಮುಂದೆ ನಮ್ಮನ್ನು ಕಾಡಲಿದೆ.

ಸೆಲ್ಲಿನೊಳಗಿನ ಬರಹವನ್ನೂ ಒಮ್ಮೆ ಸೋಸಬೇಕು. ‘ಅಕ್ಕಿ & ಬೇಳೆ’ ಎಂದೋ ‘5 < 10’ ಎಂದೋ ಇದ್ದರೆ ಆ ಚಿಹ್ನೆಗಳಿಗೆ ಎಚ್‌ಟಿಎಂಎಲ್‌ನಲ್ಲಿ ಬೇರೆಯದೇ ಅರ್ಥವಿದೆ. ಹಾಗಾಗಿ `&` ಇದ್ದಲ್ಲಿ `&amp;` ಎಂದೂ `<` ಇದ್ದಲ್ಲಿ `&lt;` ಎಂದೂ ಬದಲಾಯಿಸಬೇಕು. ಮೊದಲು `&` ಬದಲಾಯಿಸಿ ಆಮೇಲೆ `<` ಕಡೆಗೆ ಹೋಗಬೇಕು. ಕ್ರಮ ತಿರುವುಮುರುವಾದರೆ ಆಗಷ್ಟೇ ಬರೆದ `&lt;` ಒಳಗಿನ `&` ಚಿಹ್ನೆಯೂ ಬದಲಾಗಿ, ಓದುಗರಿಗೆ ‘5 &lt; 10’ ಎಂಬ ಗೋಜಲು ಕಾಣಿಸುತ್ತದೆ.

ಇಷ್ಟಾದ ಮೇಲೆ ತಲೆಯ ಸೆಲ್‌ಗಳಿಗೆ `th`, ಒಡಲಿನ ಸೆಲ್‌ಗಳಿಗೆ `td`, ಪ್ರತಿ ಸಾಲಿಗೂ `tr` ಸುತ್ತಿ, ಮೊದಲ ಸಾಲನ್ನು `thead` ಒಳಗೂ ಉಳಿದವನ್ನು `tbody` ಒಳಗೂ ಇಟ್ಟರೆ ಮುಗಿಯಿತು. ಒಡಲಿನ ಒಂದೇ ಸಾಲನ್ನು ತೋರಿಸಿದರೆ ಫಲ ಹೀಗಿರುತ್ತದೆ:

```html
<table>
  <thead>
    <tr>
      <th>ಸಾಹಿತಿ</th>
      <th style="text-align: right">ವರ್ಷ</th>
      <th>ಕೃತಿ</th>
    </tr>
  </thead>
  <tbody>
    <tr>
      <td>ಕುವೆಂಪು</td>
      <td style="text-align: right">1967</td>
      <td>ಶ್ರೀ ರಾಮಾಯಣ ದರ್ಶನಂ</td>
    </tr>
  </tbody>
</table>
```

ಎಡಕ್ಕೆ ಒತ್ತಬೇಕಾದ ಕಾಲಂಗಳಿಗೂ ಸಾಧನಗಳು `text-align: left` ಎಂದು ಬರೆಯುತ್ತವೆ. ಓದಲು ಸಲೀಸಾಗಲಿ ಎಂದು ಇಲ್ಲಿ ಅದನ್ನು ಬಿಟ್ಟಿದ್ದೇನೆ. ಕೆಲವು ಸಾಧನಗಳು `style` ಬದಲು `align="right"` ಎಂಬ ಹಳೆಯ ರೂಪ ಬಳಸುತ್ತವೆ. ಬ್ರೌಸರ್‌ಗಳು ಅದನ್ನೂ ಒಪ್ಪಿ ತೋರಿಸುತ್ತವೆ, ಆದರೆ ಈಗಿನ ಎಚ್‌ಟಿಎಂಎಲ್ ನಿಯಮದಲ್ಲಿ ಅದಕ್ಕೆ ಮಾನ್ಯತೆ ಇಲ್ಲ.

ಎರಡು ಬೇರೆ ಬೇರೆ ಕೆಲಸ

ಇಲ್ಲಿ `th` ಮತ್ತು `thead` ಎರಡೂ ಇರುವುದನ್ನು ಗಮನಿಸಬೇಕು. ಎರಡೂ ಒಂದೇ ಮಾತನ್ನು ಹೇಳುತ್ತಿವೆ ಎಂದು ತೋರಿದರೂ ಅವುಗಳ ಕೆಲಸ ಬೇರೆ.

`th` ಒಂದು ಸೆಲ್ಲಿನ ಬಗ್ಗೆ ಮಾತಾಡುತ್ತದೆ: ‘ಇದು ಮಾಹಿತಿಯಲ್ಲ, ಮಾಹಿತಿಯ ಹೆಸರು’ ಎಂದು. ಕಣ್ಣು ಕಾಣದವರು ಕಂಪ್ಯೂಟರ್ ಬಳಸುವಾಗ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳಿಗೆ ಇದರ ಅಗತ್ಯ ಬಹಳ. ಅವುಗಳಲ್ಲಿ ಒಂದಾದ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಅದರೊಂದಿಗೆ ಬರುವ ಇಸ್ಪೀಕ್ ಎಂಬ ಧ್ವನಿ ಕನ್ನಡವನ್ನೂ ಓದುತ್ತದೆ. ಕೋಷ್ಟಕದೊಳಗೆ ಕಂಟ್ರೋಲ್, ಆಲ್ಟ್ ಕೀಲಿಗಳ ಜೊತೆ ಬಾಣದ ಕೀಲಿ ಒತ್ತಿದರೆ ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ಹೋಗಬಹುದು. ಅಡ್ಡಡ್ಡ ಹೋಗುವಾಗ ಹೊಸ ಕಾಲಂ ಬಂದಾಗಲೆಲ್ಲ ಅದು ಕಾಲಂನ ಹೆಸರು ಹೇಳಿ ಆಮೇಲೆ ಸೆಲ್ಲನ್ನು ಓದುತ್ತದೆ: ‘ವರ್ಷ, 1973’. ಮೊದಲ ಸಾಲನ್ನು `td` ಮಾಡಿ ಬರಿಯ ದಪ್ಪಕ್ಷರ ಕೊಟ್ಟಿದ್ದರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಕೇಳುವವರಿಗೆ ಮಾತ್ರ ‘1973’ ಎಂಬ ಅಂಕಿಯೊಂದೇ ಸಿಗುತ್ತದೆ. ಅದು ಹುಟ್ಟಿದ ವರ್ಷವೋ ಪುಸ್ತಕ ಬಂದ ವರ್ಷವೋ ಪ್ರಶಸ್ತಿಯ ವರ್ಷವೋ ಎಂದು ಅವರು ನೆನಪಿನಿಂದಲೇ ಹೊಂದಿಸಿಕೊಳ್ಳಬೇಕು.

`thead` ಮಾತಾಡುವುದು ಇಡೀ ಸಾಲಿನ ಬಗ್ಗೆ. ‘ಈ ಸಾಲು ಪಟ್ಟಿಯ ಸದಸ್ಯನಲ್ಲ’ ಎಂದು ಅದು ಹೇಳುತ್ತದೆ. ಇದರ ಪ್ರಯೋಜನ ಪಟ್ಟಿ ಉದ್ದವಾದಾಗ ಗೊತ್ತಾಗುತ್ತದೆ. ಐದಾರು ಹಾಳೆಗಳಷ್ಟು ಉದ್ದದ ಕೋಷ್ಟಕವನ್ನು ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಿಂದ ಮುದ್ರಿಸಿದರೆ ಪ್ರತಿ ಹಾಳೆಯ ನೆತ್ತಿಯಲ್ಲೂ ಕಾಲಂಗಳ ಹೆಸರು ಮತ್ತೆ ಬರುತ್ತದೆ. ಅದಕ್ಕೆ ಬೇರೆ ಏನೂ ಬರೆಯಬೇಕಾಗಿಲ್ಲ, `thead` ಇದ್ದರೆ ಸಾಕು. 1997ರಲ್ಲಿ ಹೇಳಿದ ಉಪಯೋಗ ಇಂದಿಗೂ ಹಾಗೆಯೇ ಸಿಗುತ್ತಿದೆ.

ಸಾಲುಗಳನ್ನು ವಿಂಗಡಿಸುವ ಸೌಲಭ್ಯ ಕೊಟ್ಟಾಗ ಇದರ ಅಗತ್ಯ ಇನ್ನೂ ಎದ್ದು ಕಾಣುತ್ತದೆ. ಹಲವು ಪುಟಗಳಲ್ಲಿ ‘ವರ್ಷ’ದ ಮೇಲೆ ಕ್ಲಿಕ್ ಮಾಡಿದರೆ ಪಟ್ಟಿ ವರ್ಷದ ಕ್ರಮಕ್ಕೆ ಬರುತ್ತದೆ. ಅದನ್ನು ಮಾಡುವ ಪ್ರೋಗ್ರಾಂ ಸಾಮಾನ್ಯವಾಗಿ ಒಡಲಿನ ಸಾಲುಗಳನ್ನೆಲ್ಲ ತೆಗೆದು, ಜೋಡಿಸಿ, ಮತ್ತೆ ಇಡುತ್ತದೆ. ಹೆಸರಿನ ಸಾಲು ಒಡಲಿನೊಳಗೇ ಸೇರಿಕೊಂಡಿದ್ದರೆ ಅದೂ ವಿಂಗಡಣೆಗೆ ಸಿಲುಕುತ್ತದೆ. ಅಕ್ಷರಗಳ ಕ್ರಮದಲ್ಲಿ ವಿಂಗಡಿಸುವಾಗ ಯೂನಿಕೋಡ್‌ನಲ್ಲಿ 0ಯಿಂದ 9ರವರೆಗಿನ ಅಂಕಿಗಳು ಕನ್ನಡ ಅಕ್ಷರಗಳಿಗಿಂತ ಮೊದಲು ಬರುತ್ತವೆ. ಆದ್ದರಿಂದ 1967, 1973, 1977, 1998 ಎಲ್ಲ ಮೇಲೆ ನಿಂತು, ‘ಸಾಹಿತಿ, ವರ್ಷ, ಕೃತಿ’ ಎಂಬ ಸಾಲು ಕಾರ್ನಾಡರ ಕೆಳಗೆ ಹೋಗಿ ಬೀಳುತ್ತದೆ.

ಬ್ರೌಸರ್ ತಾನೇ ಹಾಕುವ ಒಡಲು

`thead`, `tbody` ಬರೆಯದೆ ಬರೀ `table` ಒಳಗೆ `tr` ಸಾಲುಗಳನ್ನಿಟ್ಟರೂ ಕೋಷ್ಟಕ ಚೆನ್ನಾಗಿಯೇ ಕಾಣುತ್ತದಲ್ಲ ಎಂದು ಕೇಳಬಹುದು. ಕಾಣುತ್ತದೆ, ನಿಜ. ಆದರೆ ಒಳಗೆ ನಡೆಯುವುದು ಬೇರೆ. ಬ್ರೌಸರ್ ಪುಟವನ್ನು ಓದುವಾಗ `table` ಒಳಗೆ ನೇರವಾಗಿ `tr` ಸಿಕ್ಕರೆ, ನಾವು ಬರೆಯದಿದ್ದರೂ ತಾನೇ ಒಂದು `tbody` ಸೃಷ್ಟಿಸಿ ಆ ಸಾಲುಗಳನ್ನೆಲ್ಲ ಅದರೊಳಗೆ ಹಾಕುತ್ತದೆ. ಎಚ್‌ಟಿಎಂಎಲ್ ನಿಯಮವೇ ಹಾಗಿದೆ. ಆದರೆ `thead` ಅನ್ನು ಅದು ಎಂದೂ ಊಹಿಸಿ ಹಾಕುವುದಿಲ್ಲ. ಮೊದಲ ಸಾಲಿನಲ್ಲಿ ಪೂರ್ತಿ `th` ಸೆಲ್‌ಗಳೇ ಇದ್ದರೂ ಅದು ಒಡಲಿಗೇ ಸೇರುತ್ತದೆ.

ಅಂದರೆ ಒಡಲು ಪುಕ್ಕಟೆಯಾಗಿ ಸಿಗುತ್ತದೆ, ತಲೆ ಮಾತ್ರ ನಾವು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಪುಟದ ವಿನ್ಯಾಸ ಬರೆಯುವವರು `table > tr` ಎಂದು ಗುರಿಯಿಟ್ಟು ಬಣ್ಣ ಕೊಟ್ಟರೆ ಯಾವ ಸಾಲಿಗೂ ಬಣ್ಣ ಹತ್ತದಿರುವುದಕ್ಕೂ ಇದೇ ಕಾರಣ. ಅವರ ಕಡತದಲ್ಲಿ ಇಲ್ಲದ `tbody` ಒಂದು ನಡುವೆ ಬಂದು ಕೂತಿರುತ್ತದೆ.

ಎಲ್ಲಿ ತಪ್ಪುತ್ತದೆ

ಮಾರ್ಕ್‌ಡೌನ್ ಕೋಷ್ಟಕದ ತಪ್ಪುಗಳಲ್ಲಿ ಎರಡು ಬಗೆ. ಒಂದು, ಕೂಗಿ ಹೇಳುವ ತಪ್ಪು. ಇನ್ನೊಂದು, ಸದ್ದಿಲ್ಲದೆ ಮಾಹಿತಿಯನ್ನು ನುಂಗುವ ತಪ್ಪು.

ಕೂಗಿ ಹೇಳುವ ತಪ್ಪಿನಲ್ಲಿ ಕೋಷ್ಟಕವೇ ಮೂಡುವುದಿಲ್ಲ. ಎಲ್ಲ ಸಾಲುಗಳೂ ಲಂಬಗೆರೆ ಸಮೇತ ಒಂದೇ ಪ್ಯಾರಾ ಆಗಿ ಕಾಣಿಸುತ್ತವೆ. ಹಾಗಾದರೆ ನೇರವಾಗಿ ಗೀಟಿನ ಸಾಲನ್ನೇ ಅನುಮಾನಿಸಿ. ಸೆಲ್‌ಗಳ ಲೆಕ್ಕ ತಪ್ಪಿರಬಹುದು. ಅಥವಾ ಅಡ್ಡಗೆರೆಗಳ ಜಾತಿಯೇ ಬದಲಾಗಿರಬಹುದು: ವರ್ಡ್‌ನಂಥ ತಂತ್ರಾಂಶಗಳಲ್ಲೂ ಕೆಲವು ಫೋನುಗಳಲ್ಲೂ ಸಾಲಾಗಿ ಅಡ್ಡಗೆರೆ ಒತ್ತಿದರೆ ಅವು ತಾವಾಗಿ ಕೂಡಿಕೊಂಡು ಉದ್ದನೆಯ ಡ್ಯಾಶ್ ಆಗಿಬಿಡುತ್ತವೆ. ನೋಡುವುದಕ್ಕೆ ಅದೂ ಗೆರೆಯೇ, ಆದರೆ ಮಾರ್ಕ್‌ಡೌನ್ ಕೇಳುವುದು ಕೀಲಿಮಣೆಯಲ್ಲಿ ಸೊನ್ನೆಯ ಪಕ್ಕದಲ್ಲಿರುವ ಚಿಕ್ಕ ಅಡ್ಡಗೆರೆಯನ್ನು. ಗೀಟಿನ ಸಾಲನ್ನು ಸರಳ ಪಠ್ಯ ಬರೆಯುವ ನೋಟ್‌ಪ್ಯಾಡ್‌ನಂಥ ಕಡೆ ಹೊಸದಾಗಿ ಟೈಪ್ ಮಾಡಿದರೆ ಸರಿಹೋಗುತ್ತದೆ. ಗಿಟ್‌ಹಬ್ ನಿಯಮಕ್ಕೆ ಒಂದೇ ಅಡ್ಡಗೆರೆ ಸಾಕಾದರೂ ಪ್ರತಿ ಕಾಲಂಗೆ ಮೂರು ಹಾಕುವುದು ಒಳ್ಳೆಯದು. ಎಲ್ಲ ಸಾಧನಗಳೂ ಅದನ್ನು ಒಪ್ಪುತ್ತವೆ. ಕೋಷ್ಟಕದ ಮೊದಲು ಒಂದು ಖಾಲಿ ಸಾಲು ಬಿಡುವುದೂ ಇದೇ ಕಾರಣಕ್ಕೆ ಬೇಕು.

ಕೋಷ್ಟಕದ ನಂತರವೂ ಖಾಲಿ ಸಾಲು ಬೇಕು. ಕಾರ್ನಾಡರ ಸಾಲಿನ ಕೆಳಗೆ ಜಾಗ ಬಿಡದೆ ‘ಈ ಪಟ್ಟಿ ಪೂರ್ಣವಲ್ಲ’ ಎಂದು ಬರೆದರೆ ಆ ವಾಕ್ಯ ಕೋಷ್ಟಕದ ಇನ್ನೊಂದು ಸಾಲಾಗಿ, ‘ಸಾಹಿತಿ’ ಕಾಲಂನಲ್ಲಿ ಹೋಗಿ ಕೂರುತ್ತದೆ. ಲಂಬಗೆರೆ ಇಲ್ಲದ ಸಾಲನ್ನೂ ಪ್ರೋಗ್ರಾಂ ಒಂದೇ ಸೆಲ್ಲಿನ ಸಾಲೆಂದು ಎಣಿಸಿ, ಉಳಿದೆರಡು ಸೆಲ್‌ಗಳನ್ನು ಖಾಲಿ ಬಿಡುತ್ತದೆ.

ಸದ್ದಿಲ್ಲದ ತಪ್ಪು ಕನ್ನಡದಲ್ಲಿ ಬರೆಯುವವರನ್ನು ವಿಶೇಷವಾಗಿ ಹಿಡಿಯುತ್ತದೆ. ದಾಸರ ಕೀರ್ತನೆಗಳನ್ನು ಬರೆಯುವಾಗ ಪಲ್ಲವಿಯ ಕೊನೆಗೆ ‘ಪ’ ಅಕ್ಷರವನ್ನು ಎರಡೆರಡು ಗೆರೆಗಳ ನಡುವೆ ಇಡುವುದು ನಮ್ಮ ರೂಢಿ. ಹಳಗನ್ನಡ ಪದ್ಯಗಳ ಸಂಖ್ಯೆಯನ್ನೂ ಹಾಗೆಯೇ ಬರೆಯುತ್ತೇವೆ. ಈ ಗೆರೆಗಳನ್ನು ಹಲವರು ಕೀಲಿಮಣೆಯ ಲಂಬಗೆರೆಯಿಂದಲೇ ಒತ್ತುತ್ತಾರೆ. ಸಂಖ್ಯೆ, ಭಾಗ, ರಾಗ ಎಂಬ ಮೂರು ಕಾಲಂಗಳ ಕೋಷ್ಟಕದಲ್ಲಿ ಅಂಥ ಒಂದು ಸಾಲು ಹೀಗಿದೆ ಎನ್ನಿ:

```
| 12 | ಪಲ್ಲವಿ ||ಪ|| | ಕಾಂಬೋಧಿ |
```

ನಮ್ಮ ಕಣ್ಣಿಗೆ ಇಲ್ಲಿ ಮೂರು ಸೆಲ್ ಇವೆ. ಲಂಬಗೆರೆ ಕಂಡಲ್ಲೆಲ್ಲ ಕತ್ತರಿಸುವ ಪ್ರೋಗ್ರಾಂಗೆ ಏಳು: 12, ಪಲ್ಲವಿ, ಒಂದು ಖಾಲಿ, ಪ, ಮತ್ತೆರಡು ಖಾಲಿ, ಕಾಂಬೋಧಿ. ತಲೆಯಲ್ಲಿ ಇರುವುದು ಮೂರೇ ಕಾಲಂ. ಹೀಗಾಗಿ ಮೊದಲ ಮೂರನ್ನು ಇಟ್ಟುಕೊಂಡು ಉಳಿದ ನಾಲ್ಕನ್ನು ಅದು ಕೈಬಿಡುತ್ತದೆ. ಪುಟದಲ್ಲಿ 12 ಇದೆ, ಪಲ್ಲವಿ ಇದೆ, ರಾಗದ ಜಾಗ ಖಾಲಿ. ಕಾಂಬೋಧಿ ರಾಗ ಎಲ್ಲೂ ಇಲ್ಲ. ತಪ್ಪಾಗಿದೆ ಎಂದು ಯಾವ ಸಂದೇಶವೂ ಬರುವುದಿಲ್ಲ. ನೋಡಿದವರು ಈ ಕೀರ್ತನೆಗೆ ರಾಗ ತಿಳಿದಿಲ್ಲವೇನೋ ಎಂದುಕೊಂಡು ಮುಂದೆ ಹೋಗುತ್ತಾರೆ.

ಪರಿಹಾರ ಎರಡಿವೆ. ಸೆಲ್ಲಿನೊಳಗಿನ ಪ್ರತಿ ಲಂಬಗೆರೆಯ ಹಿಂದೆ ಓರೆಗೆರೆ ಹಾಕಿ `\|` ಎಂದು ಬರೆದರೆ ಪ್ರೋಗ್ರಾಂ ಅಲ್ಲಿ ಕತ್ತರಿಸುವುದಿಲ್ಲ. ಇನ್ನೂ ಸರಿಯಾದದ್ದು, ಪದ್ಯದ ಗೆರೆಗೆಂದೇ ಯೂನಿಕೋಡ್‌ನಲ್ಲಿರುವ ದಂಡಗಳನ್ನು ಬಳಸುವುದು. ಒಂಟಿ ದಂಡ ‘।’ ಇರುವುದು `U+0964` ಸ್ಥಾನದಲ್ಲಿ, ಜೋಡಿ ದಂಡ ‘॥’ ಇರುವುದು `U+0965` ಸ್ಥಾನದಲ್ಲಿ. ಅವು ದೇವನಾಗರಿಯ ವಿಭಾಗದಲ್ಲಿದ್ದರೂ ಕನ್ನಡವೂ ಸೇರಿದಂತೆ ಭಾರತದ ಹಲವು ಲಿಪಿಗಳಿಗೆ ಸಾಮಾನ್ಯವಾಗಿ ಇರುವಂಥವು. ‘ಪಲ್ಲವಿ ॥ಪ॥’ ಎಂದು ಅವುಗಳಿಂದ ಬರೆದರೆ ಕೋಷ್ಟಕವೂ ಉಳಿಯುತ್ತದೆ, ಬರಹವೂ ಶುದ್ಧವಾಗಿರುತ್ತದೆ.

ಪ್ರೋಗ್ರಾಮಿಗೆ ಒಪ್ಪಿಸಿ, ಆಮೇಲೆ ತಿದ್ದಿ

ನಾಲ್ಕು ಸಾಲಿನ ಪಟ್ಟಿಯನ್ನು ಕೈಯಿಂದ ತಿರುಗಿಸಬಹುದು, ನಾನೂರು ಸಾಲಿನದನ್ನು ಆಗದು. ಪ್ಯಾನ್‌ಡಾಕ್ ಎಂಬ ಉಚಿತ ತಂತ್ರಾಂಶ ಇದಕ್ಕೆ ನಂಬಿಕಸ್ಥ ಸಾಧನ. ಅದನ್ನು ಬರೆದವರು ಅಮೆರಿಕದ ತತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್. ಕಡತವನ್ನು `patti.md` ಎಂದು ಉಳಿಸಿ ಹೀಗೆ ಆದೇಶ ಕೊಟ್ಟರೆ ಸಾಕು:

```
pandoc -f gfm -t html patti.md -o patti.html
```

ಇಲ್ಲಿ `gfm` ಎಂದರೆ ಗಿಟ್‌ಹಬ್ ನಿಯಮದ ಮಾರ್ಕ್‌ಡೌನ್. ಬರುವ ಕಡತದಲ್ಲಿ `thead`, `tbody` ಎರಡೂ ಇರುತ್ತವೆ.

ಆದರೆ ಮಾರ್ಕ್‌ಡೌನ್‌ನ ಒಂದು ಗೀಟು ಹೇಳಬಲ್ಲದ್ದು ಒಂದೇ ಸಂಗತಿ: ಮೇಲಿನ ಸಾಲು ಹೆಸರು ಎಂದು. ನಮ್ಮ ಪಟ್ಟಿಯಲ್ಲಿ ಹೆಸರಿನ ಕೆಲಸ ಮಾಡುವ ಇನ್ನೊಂದು ಜಾಗವಿದೆ, ಅದು ಎಡಗಡೆಯ ಕಾಲಂ. ‘ನಾಕುತಂತಿ’ ಯಾವ ಕಾಲಂನದು ಎಂದು ತಲೆ ಹೇಳುತ್ತದೆ, ಯಾರದು ಎಂದು ಎಡಗಡೆಯ ‘ದ.ರಾ. ಬೇಂದ್ರೆ’ ಹೇಳುತ್ತದೆ. ಎನ್‌ವಿಡಿಎ ಬಳಸುವವರು ‘ಕೃತಿ’ ಕಾಲಂನಲ್ಲಿ ಮೇಲಿಂದ ಕೆಳಗೆ ಇಳಿಯುವಾಗ ಪ್ರತಿ ಪುಸ್ತಕದ ಜೊತೆ ಬರೆದವರ ಹೆಸರೂ ಕೇಳಬೇಕಾದರೆ ಆ ಹೆಸರಿನ ಸೆಲ್ಲನ್ನೂ `th` ಮಾಡಬೇಕು. ಅದನ್ನು ಮಾರ್ಕ್‌ಡೌನ್‌ನಲ್ಲಿ ಬರೆಯುವ ದಾರಿಯಿಲ್ಲ. ತಿರುಗಿಸಿದ ಮೇಲೆ ಎಚ್‌ಟಿಎಂಎಲ್‌ನಲ್ಲೇ ತಿದ್ದಬೇಕು:

```html
<table lang="kn">
  <caption>ಜ್ಞಾನಪೀಠ ಪಡೆದ ಕೆಲವು ಕನ್ನಡ ಸಾಹಿತಿಗಳು</caption>
  ...
    <tr>
      <th scope="row">ದ.ರಾ. ಬೇಂದ್ರೆ</th>
```

`scope="row"` ಎಂದರೆ ಈ ಹೆಸರು ತನ್ನ ಸಾಲಿನಲ್ಲಿ ಮುಂದೆ ಬರುವ ಸೆಲ್‌ಗಳಿಗೆ ಸೇರಿದ್ದು ಎಂದರ್ಥ. ತಲೆಯ `th` ಸೆಲ್‌ಗಳಿಗೆ `scope="col"` ಸೇರಿಸಿದರೆ ಯಾವುದು ಕಾಲಂನ ಹೆಸರು, ಯಾವುದು ಸಾಲಿನ ಹೆಸರು ಎಂಬ ಗೊಂದಲ ಉಳಿಯದು. ಸಾಲಿನ ಹೆಸರು ಅದರ ಮುಂದಿನ ಸೆಲ್‌ಗಳಿಗೆ ಮಾತ್ರ ಅನ್ವಯಿಸುವುದರಿಂದ, ಯಾರ ಅಥವಾ ಯಾವುದರ ಬಗ್ಗೆ ಸಾಲು ಇದೆಯೋ ಅದನ್ನು ಎಡತುದಿಯ ಕಾಲಂನಲ್ಲೇ ಇಡಬೇಕು. ಈ ನಿರ್ಧಾರವನ್ನು ಮಾರ್ಕ್‌ಡೌನ್ ಬರೆಯುವಾಗಲೇ ಮಾಡಿಬಿಟ್ಟರೆ ಆಮೇಲಿನ ತಿದ್ದುಪಡಿ ಹಗುರ. ನಮ್ಮ ಪಟ್ಟಿಯಲ್ಲಿ ವರ್ಷಕ್ಕಿಂತ ಮೊದಲು ಸಾಹಿತಿಯನ್ನು ಇಟ್ಟಿದ್ದು ಅದಕ್ಕೇ. `caption` ಕೋಷ್ಟಕದ ಶೀರ್ಷಿಕೆ. `lang="kn"` ಒಳಗಿರುವುದು ಕನ್ನಡ ಎಂದು ಓದುವ ಧ್ವನಿಗೆ ತಿಳಿಸುವ ಗುರುತು.

ಸರಿಯಾಗಿದೆಯೇ ಎಂದು ತಿಳಿಯುವುದು

ಕೋಷ್ಟಕ ಚೆನ್ನಾಗಿ ಕಾಣುತ್ತಿದೆ ಎಂಬುದು ಸಾಕ್ಷಿಯಲ್ಲ. ತಲೆಯಿಲ್ಲದ ಕೋಷ್ಟಕವೂ ಚೆನ್ನಾಗಿಯೇ ಕಾಣುತ್ತದೆ. ಪುಟವನ್ನು ಬ್ರೌಸರ್‌ನಲ್ಲಿ ತೆರೆದು, ಎಫ್12 ಕೀಲಿ ಒತ್ತಿ, ಕನ್ಸೋಲ್ ಎಂಬಲ್ಲಿ ಈ ಎರಡು ಸಾಲುಗಳನ್ನು ಒಂದೊಂದಾಗಿ ಬರೆದು ಎಂಟರ್ ಒತ್ತಿ:

```
document.querySelectorAll("thead th").length
document.querySelectorAll("tbody tr").length
```

ಪುಟದಲ್ಲಿ ಇದೊಂದೇ ಕೋಷ್ಟಕವಿದ್ದರೆ ಮೊದಲನೆಯದಕ್ಕೆ 3, ಎರಡನೆಯದಕ್ಕೆ 4 ಎಂದು ಉತ್ತರ ಬರಬೇಕು. ಮೊದಲನೆಯದು 0 ಬಂದು ಎರಡನೆಯದು 5 ಬಂದರೆ ತಲೆ ಒಡಲಿನೊಳಗೆ ಜಾರಿದೆ ಎಂದರ್ಥ. ಮೊದಲನೆಯದು 3 ಇದ್ದು ಎರಡನೆಯದು 5 ಆದರೆ ಕೆಳಗಿನ ವಾಕ್ಯವೊಂದು ಸಾಲಾಗಿ ಸೇರಿಕೊಂಡಿದೆ. ಆದರೆ ಕಾಂಬೋಧಿಯಂತೆ ಕಳೆದುಹೋದ ಸೆಲ್ ಈ ಎಣಿಕೆಗೆ ಸಿಗುವುದಿಲ್ಲ, ಸಾಲುಗಳ ಸಂಖ್ಯೆ ಅಷ್ಟೇ ಇರುತ್ತದೆ. ಅದನ್ನು ಹಿಡಿಯಬೇಕಾದರೆ ಖಾಲಿ ಕಾಣುವ ಪ್ರತಿ ಸೆಲ್ಲನ್ನೂ ಮೂಲ ಕಡತದ ಜೊತೆ ಹೋಲಿಸಿ, ಅದು ಕಾರ್ನಾಡರ ಸಾಲಿನಂತೆ ಉದ್ದೇಶಪಟ್ಟು ಬಿಟ್ಟ ಖಾಲಿಯೇ ಎಂದು ಕೇಳಿಕೊಳ್ಳಬೇಕು. ಉದ್ದೇಶಪಟ್ಟು ಬಿಟ್ಟ ಜಾಗಗಳಲ್ಲಿ ‘ಒಟ್ಟು ಸಾಧನೆ’ ಎಂದೋ ‘ಅನ್ವಯಿಸದು’ ಎಂದೋ ಬರೆದುಬಿಟ್ಟರೆ ಈ ಹುಡುಕಾಟ ಸುಲಭವಾಗುತ್ತದೆ. ಆಗ ಪುಟದಲ್ಲಿ ಖಾಲಿ ಉಳಿದ ಸೆಲ್ ಎಂದರೆ ತಪ್ಪೇ ಎಂದು ಗೊತ್ತಾಗುತ್ತದೆ.

ಕೊನೆಗೆ ಮಾರ್ಕ್‌ಡೌನ್‌ನ ಎಲ್ಲೆ. ಪರೀಕ್ಷೆಯ ಅಂಕಪಟ್ಟಿಗಳಲ್ಲಿ ‘ಕನ್ನಡ’ ಎಂಬ ಹೆಸರಿನ ಅಡಿಯಲ್ಲಿ ‘ಲಿಖಿತ’, ‘ಆಂತರಿಕ’ ಎಂದು ಮತ್ತೆರಡು ಕಾಲಂ ಬರುವುದುಂಟು. ಅಂಥ ಎರಡು ಅಂತಸ್ತಿನ ತಲೆಯನ್ನು ಗಿಟ್‌ಹಬ್ ನಿಯಮದ ಮಾರ್ಕ್‌ಡೌನ್‌ನಲ್ಲಿ ಬರೆಯಲಾಗದು, ಏಕೆಂದರೆ ಗೀಟಿನ ಮೇಲೆ ಇರಬಹುದಾದ್ದು ಒಂದೇ ಸಾಲು. ಎರಡು ಸೆಲ್ ಕೂಡಿಸಿ ಒಂದು ಮಾಡುವುದಕ್ಕೂ, ಒಡಲನ್ನು ಜಿಲ್ಲೆವಾರು ಅಥವಾ ದಶಕವಾರು ಹಲವು `tbody` ಆಗಿ ಒಡೆಯುವುದಕ್ಕೂ ಅಲ್ಲಿ ಎಡೆಯಿಲ್ಲ. ಇಂಥ ಕಡೆ ಮಾರ್ಕ್‌ಡೌನನ್ನು ಬಗ್ಗಿಸಲು ಹೋಗದೆ ಅಷ್ಟು ಭಾಗವನ್ನು ನೇರವಾಗಿ ಎಚ್‌ಟಿಎಂಎಲ್‌ನಲ್ಲಿ ಬರೆಯುವುದೇ ಸರಿ. ಮಾರ್ಕ್‌ಡೌನ್ ಕಡತದ ನಡುವೆ ಎಚ್‌ಟಿಎಂಎಲ್ ಕೋಷ್ಟಕವನ್ನು ಹಾಗೆಯೇ ಇಡಲು ಮೊದಲ ದಿನದಿಂದಲೂ ಅವಕಾಶವಿದೆ. ಒಂದು ಸಾಲಿನ ತಲೆ ಸಾಕಾಗುವ ಪಟ್ಟಿಗೆ ಮಾರ್ಕ್‌ಡೌನ್, ಅದಕ್ಕಿಂತ ಹೆಚ್ಚು ಬೇಕಾದ ಪಟ್ಟಿಗೆ ಎಚ್‌ಟಿಎಂಎಲ್. ಯಾವುದರಲ್ಲಿ ಬರೆದರೂ, ಕೊನೆಯಲ್ಲಿ ಹೊರಬರುವ ಪುಟದಲ್ಲಿ ತಲೆ ತಲೆಯಾಗಿ, ಒಡಲು ಒಡಲಾಗಿ ಇದೆಯೇ ಎಂಬುದನ್ನು ಆ ಎರಡು ಎಣಿಕೆಗಳಿಂದ ನೋಡಿಕೊಂಡೇ ಪ್ರಕಟಿಸಬೇಕು.